ಮಾವನ ರುಜು

ಗಿರಣಿಯವರು ಫಿಟ್ಟರ್ ವಾಜಿದನನ್ನು ಕೆಲಸದಿಂದ ತೆಗೆದು ತಿಂಗಳಾಗಿತ್ತು. ಮಂಡ್ಯದ ಸಹಕಾರ ಬ್ಯಾಂಕಿನ ಕಾರ್ಯದರ್ಶಿಯ ಮುಂದೆ ಸಾಲದ ವಾಯಿದೆಗೆ ಅರ್ಜಿಯಿಟ್ಟು, ಇದ್ದದ್ದನ್ನು ಇದ್ದ ಹಾಗೇ ಹೇಳಿದ.

"ಸಂಬಳ ನಿಂತೋಗದೆ ಸ್ವಾಮಿ. ಸೈಕಲ್ ರಿಪೇರಿಲಿ ವಾರಕ್ಕೆ ಎರಡು ರೂಪಾಯಿ ಬತ್ತದೆ, ಅಷ್ಟೇಯ. ಬಡ್ಡಿ ಕಟ್ತೀನಿ, ಅಸಲಿಗೆ ಆರು ತಿಂಗಳು ವಾಯಿದೆ ಕೊಡಿ."

ಜಪ್ತಿ ಅಂದುಬಿಟ್ಟರೆ? ಅವನು ಕಾರ್ಯದರ್ಶಿಯ ಮುಖವನ್ನೇ ನೋಡಿದ.

ಕಾರ್ಯದರ್ಶಿ ಕನ್ನಡಕ ಏರಿಸಿದರು. "ಮುಚ್ಚುಮರೆ ಮಾಡಲಿಲ್ಲ ನೀನು. ಕಮಿಟಿ ಮುಂದೆ ಇಡ್ತೀನಿ, ಒಪ್ಪಬಹುದು. ಆದರೆ ಜಾಮೀನು ನಿಂತಿರೋ ನಿಮ್ಮ ಮಾವನವರ ರುಜು ಬೇಕು. ಮಳವಳ್ಳಿಗೆ ಹೋಗಿ ಹಾಕಿಸಿಕೊಂಡು ಬಾ. ಕೆಲಸ ಹೋದದ್ದು ಅವರಿಗೆ ಗೊತ್ತು ತಾನೆ?"

ಮಾವನಿರಲಿ, ಅವರ ಮಗಳಿಗೇ ಗೊತ್ತಿರಲಿಲ್ಲ. ಗಿರಣಿಗೆಂದು ಹೆಂಡತಿ ರಹಮತ್ ಬೀ ಬೆಳಿಗ್ಗೆ ಕಟ್ಟಿಕೊಟ್ಟ ಬುತ್ತಿ ಅವನ ಕಂಕುಳಲ್ಲಿ ಇನ್ನೂ ಬೆಚ್ಚಗಿತ್ತು.