ಹಜರತಬಿಯ ನೂರಾ ನಲವತ್ತು ವಾಕ್ಯ

ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಸಕ್ರವ್ವನಿಗೆ ಮೂರನೆಯ ದಿನವೂ ಅದೇ ಯೋಚನೆ ಬಂತು: ಇಳಕಲ್ಲಿಗೆ ಹೋಗದೆ ಇಲ್ಲಿಂದಲೇ ಬಾಗಲಕೋಟೆಗೆ ತಿರುಗಿಬಿಟ್ಟರೆ ಯಾರ ಗಂಟು ಹೋಗುತ್ತದೆ? ಆದರೆ ಕಾಲುಗಳು ತಾವಾಗಿಯೇ ಇಳಕಲ್ಲಿನ ಬಸ್ಸು ಹತ್ತಿದವು. ಹೆಗಲಿಗೆ ಟೇಪ್ ರೆಕಾರ್ಡರಿನ ಚೀಲ, ಕೈಯಲ್ಲಿ ನೂರಾ ನಲವತ್ತು ವಾಕ್ಯಗಳ ಪಟ್ಟಿ. ಮೂವತ್ತೈದು ವರ್ಷದ ಕಾಲೇಜು ಉಪನ್ಯಾಸಕಿ, ಹೆದರಿಕೆ ಮಾತ್ರ ಪರೀಕ್ಷೆಗೆ ಕೂತ ಹುಡುಗಿಯದು.

ಯಾರು ಕೇಳಿದರೂ ಅವಳ ಉತ್ತರ ಸಿದ್ಧವಿತ್ತು. ಧಾರವಾಡದ ಗುರುಗಳು ಜೂನ್ ಒಳಗೆ ಪ್ರಬಂಧ ಮುಗಿಸು ಅಂದಿದ್ದಾರೆ, ಕೊನೆಯ ಅಧ್ಯಾಯಕ್ಕೆ ಮನೆಯಲ್ಲಿ ದಖನಿ ಉರ್ದು ಮಾತಾಡುವ ಒಬ್ಬ ಹಿರಿಯ ಹೆಣ್ಣುಮಗಳು ಬೇಕು, ಇಳಕಲ್ಲಿನ ನೇಕಾರರ ಓಣಿಯಲ್ಲಿ ಹಜರತಬಿ ಅಂತ ಒಬ್ಬರಿದ್ದಾರೆ. ಎಲ್ಲವೂ ಖರೆ. ಹಜರತಬಿ ಯಾಕೂಬಸಾಬನ ತಾಯಿ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ತನಗೆ ಅದು ಗೊತ್ತೆಂದು ಹಜರತಬಿಗೂ ಹೇಳಿರಲಿಲ್ಲ.

ಯಾಕೂಬ ಮತ್ತು ಅವಳು ಧಾರವಾಡದಲ್ಲಿ ಭಾಷಾಶಾಸ್ತ್ರದ ತರಗತಿಯಲ್ಲಿ ಜೊತೆಗೆ ಓದಿದವರು. ಎಪ್ಪತ್ತೇಳನೆಯ ಇಸವಿ. ಕೆರೂರಿನ ಕುರುಬರ ಮನೆಯ ಹುಡುಗಿ, ಇಳಕಲ್ಲಿನ ನೇಕಾರರ ಹುಡುಗ. ಇಬ್ಬರಿಗೂ ಜಗಳವಾಡಲು ಒಂದೇ ವಿಷಯ ಸಿಕ್ಕಿತ್ತು, ಅದು ಎರಡು ವರ್ಷ ಸಾಲಿತು.

ವಿಷಯ ಇಷ್ಟೇ. ನಾವು 'ರೊಟ್ಟಿ ತಿಂದೆ' ಅನ್ನುತ್ತೇವೆ. ತಿಂದದ್ದು ಮೊದಲು, ತಿನ್ನುವ ಕ್ರಿಯೆ ಆಮೇಲೆ. ಹಾಗೆ ಅನ್ನುವ ಭಾಷೆಗಳು ಜಗತ್ತಿನಲ್ಲಿ ಎಲ್ಲೇ ಇರಲಿ, ಬಹುಮಟ್ಟಿಗೆ 'ಮನೆಯ ಒಳಗೆ' ಎಂದು 'ಒಳಗೆ'ಯನ್ನು ಮನೆಯ ಹಿಂದೆಯೇ ಇಡುತ್ತವೆ. ಕ್ರಿಯಾಪದ ಮೊದಲು ಬಂದು ರೊಟ್ಟಿ ಆಮೇಲೆ ಬರುವ ಕಡೆ 'ಒಳಗೆ' ಮುಂದೆ, ಮನೆ ಹಿಂದೆ. ಒಬ್ಬರ ಮುಖ ಒಬ್ಬರು ಕಾಣದ ಜನ ಹೀಗೆ ಒಂದೇ ತಾಳಕ್ಕೆ ಹೆಜ್ಜೆ ಹಾಕುವುದು ಯಾಕೆ?

ಯಾಕೂಬನ ಉತ್ತರ: ಮನುಷ್ಯನ ಮನಸ್ಸಿನಲ್ಲೇ ಒಂದು ನಿಯಮವಿದೆ. ಮುಖ್ಯ ಪದವನ್ನು ಒಂದು ಕಡೆ ಇಟ್ಟರೆ ಎಲ್ಲೆಲ್ಲೂ ಆ ಕಡೆಗೇ ಇಡುತ್ತದೆ. ಕೇಳುವವನಿಗೂ ಹಾಗೇ ಸಲೀಸು. ಸಕ್ರವ್ವನ ಉತ್ತರ: ನಿಯಮವೂ ಇಲ್ಲ, ಮಣ್ಣೂ ಇಲ್ಲ, ಇದು ಹುಟ್ಟಿನ ಕತೆ. 'ಒಳ', 'ಮೇಲು' ಒಂದು ಕಾಲಕ್ಕೆ ಬರೀ ನಾಮಪದಗಳು. 'ಮನೆಯ ಬಾಗಿಲು' ಅಂದ ಹಾಗೆ 'ಮನೆಯ ಒಳ' ಅಂದರು, ಅದು ಹುಟ್ಟಿದ ಜಾಗದಲ್ಲೇ ಸವೆದು 'ಒಳಗೆ' ಆಯಿತು. 'ಬರ್ತೇನಿ ಅಂತ' ಅನ್ನುವ 'ಅಂತ' ಕೂಡ 'ಅನ್ನು' ಎಂಬ ಕ್ರಿಯಾಪದದ ಕೂಸು. ಕ್ರಿಯಾಪದ ಕೊನೆಗಿತ್ತು, ಕೂಸೂ ಕೊನೆಗೇ ಉಳಿಯಿತು.

ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನ ಈ ಜಗಳ ಅತಿಯಾಯಿತು. ಅವನು ಹೇಳಬೇಕೆಂದು ಬಂದದ್ದು ಬೇರೆ ಏನೋ ಇತ್ತು, ಅವಳಿಗದು ಗೊತ್ತಿತ್ತು. ಗೊತ್ತಿದ್ದೇ ಹೆದರಿ ನಾಲಿಗೆ ಹರಿಬಿಟ್ಟಳು. "ನಿನ್ನ ನಿಯಮ ಎಲ್ಲಾ ಕಾಗದದ ಮ್ಯಾಲಿಂದು. ಕ್ರಿಯಾಪದ ಮೊದಲ ಬರೋ ಊರಿಗೆ ಹೋಗಿ, ಕಿವಿಯಾರೆ ಕೇಳಿ ಬಾ. ಆಮ್ಯಾಲೆ ನನ್ನ ಮುಂದ ಮಾತಾಡು."

ಯಾಕೂಬ ಹಾಗೇ ಮಾಡಿದ. ಎಪ್ಪತ್ತೊಂಬತ್ತರಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರಿಕೆ ಹಿಡಿದು ನೈಜೀರಿಯಾದ ಕಾನೋ ಎಂಬ ಊರಿಗೆ ಹೋದ. ಹೋಗುವ ದಿನ ಅವಳು ಬಾಗಲಕೋಟೆಯ ಬಸ್ ಸ್ಟ್ಯಾಂಡಿಗೆ ಬಂದಿದ್ದಳು, ಬಸ್ಸು ಹೋದ ಮೇಲೆ ಬಂದಿದ್ದಳು. ಅದಾದ ಮೇಲೆ ಅವನೂ ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಹತ್ತು ವರ್ಷ ಅವಳು ಪ್ರಬಂಧ ಬರೆದಳು. ಪ್ರತಿ ಪುಟದಲ್ಲೂ ಅವನ ಜೊತೆಗೇ ವಾದ.

ಹೋದ ವರ್ಷ ಒಂದು ಲೇಖನ ಕೈಗೆ ಬಂತು. ನೂರಾರು ಭಾಷೆಗಳನ್ನು ಎಣಿಸಿ ನೋಡಿದ್ದರು: 'ಕೆಂಪು ಸೀರೆ' ಎಂದು ಗುಣವಾಚಕವನ್ನು ಮುಂದಿಡುವುದಕ್ಕೂ 'ರೊಟ್ಟಿ ತಿಂದೆ' ಅನ್ನುವುದಕ್ಕೂ ಸಂಬಂಧವೇ ಇಲ್ಲ. ಯಾಕೂಬನ ನಿಯಮದ ಒಂದು ಕಾಲು ಮುರಿಯಿತು. ಸಕ್ರವ್ವ ಆ ದಿನ ಊಟ ಮಾಡಲಿಲ್ಲ. ಗೆದ್ದೆ ಅಂತ ಹೇಳಲು ಅವನಿಲ್ಲದಿದ್ದರೆ ಅದು ಎಂಥ ಗೆಲುವು? ಅವನೆದುರು ಸೋಲಲು ಸಿಕ್ಕಿದ್ದರೆ ಸಾಕಾಗಿತ್ತು ಅನ್ನಿಸಿ ಅತ್ತಳು.

ದಖನಿಯ ಅಧ್ಯಾಯ ಆಗ ಹೊಳೆಯಿತು. ಉತ್ತರದ ಉರ್ದುವಿನಲ್ಲೂ ಕ್ರಿಯಾಪದ ಕೊನೆಗೇ, ಆದರೆ 'ಅಂತ'ದ ಕೆಲಸ ಮಾಡುವ 'ಕಿ' ಮಾತಿನ ಮುಂದೆ ನಿಲ್ಲುತ್ತದೆ. ನಮ್ಮ ಕಡೆಯ ದಖನಿಯಲ್ಲಿ 'ಬೋಲ್ಕೆ' ಮಾತಿನ ಹಿಂದೆ. 'ಬೋಲ್', ಅಂದರೆ 'ಹೇಳು', ಎಂಬ ಕ್ರಿಯಾಪದದಿಂದ ಅದು ತಾನಾಗಿ ಹುಟ್ಟಿದ್ದರೆ ಸಕ್ರವ್ವನ ವಾದ ಗೆಲ್ಲುತ್ತದೆ. ಬರೀ ಕನ್ನಡದ ನೆರಳಾದರೆ ಕತೆ ಬೇರೆ.

ಮೊದಲ ದಿನ ಅವಳು ಹಜರತಬಿಗೆ ತನ್ನ ಹೆಸರು ಹೇಳಿ, ಕೆಲಸದ ರೀತಿ ತಿಳಿಸಿದ್ದಳು. "ನಾ ಕನ್ನಡದಾಗ ಒಂದ ಮಾತ ಹೇಳ್ತೇನಿ, ನೀವು ಅದನ್ನ ನಿಮ್ಮ ಭಾಷಾದಾಗ ಹೇಳ್ರಿ. ಕೇಳಿದ್ದಷ್ಟ ಹೇಳ್ರಿ ಅಮ್ಮಾ, ಬ್ಯಾರೆ ಮಾತು ನಡುವ ಬ್ಯಾಡ. ಯಂತ್ರ ಕೆಡತೈತಿ." ಯಂತ್ರ ಏನೂ ಕೆಡುತ್ತಿರಲಿಲ್ಲ. ಬೇರೆ ಮಾತು ಅಂದರೆ ಮಗನ ಮಾತು ಬಂದೀತೆಂಬ ಭಯ ಅವಳದು. ಹೆಸರು ಕೇಳಿ ಮುದುಕಿ ಒಂದು ಗಳಿಗೆ ಅವಳನ್ನೇ ನೋಡಿ, "ಆಗ್ಲಿ ಬೇಟಿ" ಅಂದಿದ್ದಳು.

ಈಗ ಮೂರನೆಯ ದಿನ. ಏಪ್ರಿಲ್ ತಿಂಗಳ ಬಿಸಿಲು. ಪಕ್ಕದ ಮನೆಯಿಂದ ಮಗ್ಗದ ಸದ್ದು. ಹಜರತಬಿ ಸಕ್ರವ್ವನ ಮುಂದೆ ಚಹಾ ಇಟ್ಟು, ತಾನು ಗೋಡೆಗೆ ಒರಗಿ ಕೂತಳು.

"ಹುಡುಗ ನಾಳೆ ಬರ್ತೇನಿ ಅಂತ ಹೇಳಿದ," ಎಂದು ಸಕ್ರವ್ವ ಓದಿದಳು.

"ಛೋಕ್ರಾ ಕಲ್ ಆತೂಂ ಬೋಲ್ಕೆ ಬೋಲ್ಯಾ."

ಕನ್ನಡದ ಒಂದೊಂದು ಪದದ ಕೆಳಗೆ ಒಂದೊಂದು ದಖನಿ ಪದ, ಅಚ್ಚಿನಲ್ಲಿ ಎರಕ ಹೊಯ್ದಷ್ಟು ಸರಿಯಾಗಿ. ನೂರಾ ನಲವತ್ತನೆಯದು ಮುಗಿಯುವ ಹೊತ್ತಿಗೆ ಮುದುಕಿಯ ದನಿ ಒಡೆಯಿತು.

"ನೀರ ಕುಡೀರಿ ಅಮ್ಮಾ."

"ರೋಜಾ ಐತಿ ಬೇಟಿ. ಸಂಜಿಗೆ."

ಸಕ್ರವ್ವ ನಾಚಿಕೆಯಿಂದ ಕುಗ್ಗಿದಳು. ಮೂರು ದಿನ ಉಪವಾಸದ ಬಾಯಿಗೆ ಇಷ್ಟು ವಾಕ್ಯ ಹೊರಿಸಿದ್ದಳು. ಪಟ್ಟಿ ಮಡಚಿಟ್ಟಳು, ಯಂತ್ರ ನಿಲ್ಲಿಸಲು ಮರೆತಳು.

"ಒಂದ ಮಾತ ಕೇಳ್ಲಿ?" ಅಂದಳು. "ನೀವು ಮನಿಯಾಗ ಹಿಂಗ ಮಾತಾಡ್ತೀರೇನು? ಎಲ್ಲಾ ವಾಕ್ಯ ಬೋಲ್ಕೆ, ಬೋಲ್ಕೆ?"

ಹಜರತಬಿ ನಕ್ಕಳು. "ನೀ ಹೆಂಗ ಕೇಳ್ತಿ ಹಂಗ ಹೇಳಿದೆ. ಮನಿಗೆ ಬಂದಾಕಿ ಹಿಡಿದ ಹಾದಿಯಾಗ ನಾವೂ ನಡೀಬೇಕಲ್ಲ? ನೀ ಅಂತ ಅಂದಿ, ನಾ ಬೋಲ್ಕೆ ಅಂದೆ. ಇಲ್ಲಂದ್ರ ಕಿ, ಬೋಲ್ಕೆ ಎರಡೂ ಬರ್ತಾವ."

ಸಕ್ರವ್ವ ಪಟ್ಟಿಯನ್ನು ದೂರ ಸರಿಸಿದಳು. ಕನ್ನಡದಲ್ಲಿ ಕೇಳಿ ಕನ್ನಡದ ಹೆಜ್ಜೆಯನ್ನೇ ತಿರುಗಿ ಪಡೆದಿದ್ದಳು. ಈ ಟೇಪು ತೋರಿಸಿ ದಖನಿಯ ಬಗ್ಗೆ ಏನು ಸಾಧಿಸಿದರೂ ಅದು ಅವಳದೇ ದನಿಯ ಮಾರ್ದನಿ. ಮೊದಲ ವರ್ಷದ ವಿದ್ಯಾರ್ಥಿಗೆ ತಾನೇ ಹೇಳಿಕೊಡುವ ತಪ್ಪು ಅದು.

"ಹಂಗಾರ ಎಲ್ಲಾ ದಂಡ ಆತ್ರಿ ಅಮ್ಮಾ," ಅಂದಳು. "ನನ್ನ ಪಟ್ಟಿ ಬಿಡ್ರಿ. ಇನ್ನ ನಿಮಗ ಏನ ಅನಸ್ತೈತಿ ಅದನ್ನ ಮಾತಾಡ್ರಿ."

"ಬ್ಯಾರೆ ಮಾತು ನಡಿತೈತೇನು?"

"ನಡಿತೈತ್ರಿ."

ಮುದುಕಿ ಮೂರು ದಿನದಿಂದ ತಡೆದುಕೊಂಡ ಉಸಿರು ಬಿಟ್ಟಳು. ಆಮೇಲೆ ಹರಿದ ಮಾತಿನಲ್ಲಿ ಮಗನನ್ನು ಬಿಟ್ಟು ಬೇರೆ ಏನೂ ಇರಲಿಲ್ಲ. ಒಮ್ಮೆ "ಉನೆ ಬೋಲ್ಯಾ ಕಿ ಮೈ ಆತೂಂ" ಅಂದಳು, ಅವನು ಹೇಳಿದ, ನಾನು ಬರ್ತೇನೆ ಅಂತ. ಮರುಗಳಿಗೆಗೆ "ಆತೂಂ ಬೋಲ್ಕೆ ಗಯಾ" ಅಂದಳು, ಬರ್ತೇನೆ ಅಂತ ಹೇಳಿ ಹೋದ. ಕಿ ಒಂದು ಕಡೆ, ಬೋಲ್ಕೆ ಒಂದು ಕಡೆ. ಮನಸ್ಸಿನ ನಿಯಮಕ್ಕೂ ಸಿಗದೆ, ಹುಟ್ಟಿನ ಕತೆಗೂ ಪೂರ್ತಿ ಸಿಗದೆ, ಉತ್ತರದ ನಂಟಸ್ತಿಕೆಯನ್ನೂ ಕನ್ನಡದ ನೆರೆಹೊರೆಯನ್ನೂ ಒಂದೇ ಬಾಯಿ ಸಾಕಿಕೊಂಡಿತ್ತು. ಸಕ್ರವ್ವ ಏನನ್ನೂ ಬರೆದುಕೊಳ್ಳಲಿಲ್ಲ, ಸುಮ್ಮನೆ ಕೇಳಿದಳು.

ಹಜರತಬಿ ಎದ್ದು ಹೋಗಿ ಟ್ರಂಕಿನಿಂದ ಮಡಚಿದ ಒಂದು ಚೀಟಿ ತಂದಳು.

"ಹೆಸರು ಹೇಳಿದ ದಿನಾನ ಗುರ್ತ ಹಿಡದೆ. ನೀ ಮಾತ ಬ್ಯಾಡ ಅಂದಿ. ನಾಕ ವರ್ಷ ಆತು, ನನ್ನ ಕಾಗದದ ಒಳಗ ಇಟ್ಟ ಕಳಿಸಿದ್ದ. ಸಕ್ರವ್ವ ಬಂದ್ರ ಕೊಡು, ನೀನಾಗಿ ಕರೀಬ್ಯಾಡ ಅಂತ ಬರದಿದ್ದ."

ಯಾಕೂಬನ ಕನ್ನಡ ಅಕ್ಷರ, ಎಡಕ್ಕೆ ವಾಲಿದ್ದು.

'ಸಕ್ರಿ, ನೀ ಹೇಳಿದಂಗ ಬಂದು ಕಿವಿಯಾರೆ ಕೇಳಿದೆ. ಇಲ್ಲಿ ಹೌಸಾ ಭಾಷಾದಾಗ ತಿಂದೆ ಮೊದಲ, ರೊಟ್ಟಿ ಆಮ್ಯಾಲೆ. ಮನಿ ಒಳಗ ಅನ್ನಾಕ ಚಿಕಿನ್ ಗಿದಾ ಅಂತಾರ. ಚಿಕಿ ಅಂದ್ರ ಹೊಟ್ಟಿ, ಗಿದಾ ಅಂದ್ರ ಮನಿ. ಹೊಟ್ಟಿ, ಮನೀದು. ಇಲ್ಲಿ ಯಾರದು ಅನ್ನೋದು ಹಿಂದ ಬರತೈತಿ, ಅದಕ್ಕ ಹೊಟ್ಟಿ ಮುಂದ ಉಳದೈತಿ. ನಿನ್ನ ಒಳಗ ಅನ್ನೋ ಪದ ಹುಟ್ಟಿದಂಗ ಇದೂ ಹುಟ್ಟೇತಿ, ಬರೇ ತಿರುವಿ. ನೀ ಹೇಳಿದ್ದು ಖರೆ. ಇದನ್ನ ಮೊದಲನೇ ವರ್ಷದಾಗ ತಿಳಕೊಂಡೆ, ಒಪ್ಪಾಕ ಆರು ವರ್ಷ ಬೇಕಾತು. ಸೋತಾವ ತಾನಾಗಿ ಹೆಂಗ ಬರ್ಲಿ? ಗೆದ್ದಾಕಿ ಕರೀಬೇಕು.'

ಆರು ವರ್ಷ, ಮೇಲೆ ನಾಲ್ಕು ವರ್ಷ. ಚೀಟಿ ಇಳಕಲ್ಲಿನ ಟ್ರಂಕಿನಲ್ಲಿತ್ತು, ಅವಳು ಎರಡು ತಾಸಿನ ಹಾದಿಯಲ್ಲಿದ್ದಳು. ಚೀಟಿಯನ್ನು ಮುಖಕ್ಕೆ ಒತ್ತಿಕೊಂಡು ಸಕ್ರವ್ವ ಬಿಕ್ಕಿ ಬಿಕ್ಕಿ ಅತ್ತಳು. ಹಜರತಬಿ ತಡೆಯಲಿಲ್ಲ, ಬೆನ್ನ ಮೇಲೆ ಕೈಯಿಟ್ಟು ಕೂತಳು.

ಅಳು ಇಳಿದ ಮೇಲೆ ಮುದುಕಿ ಕೇಳಿದಳು. "ಪ್ರತಿ ರಮಜಾನಕ್ಕ ಅವನ ಕಾಗದ ಬರತೈತಿ. ಅಕಿ ಬಂದಿದ್ದಳಾ ಅಂತ ಒಂದ ಮಾತು ಇದ್ದ ಇರತೈತಿ. ಪ್ರತಿ ವರ್ಷ ಬಾಜೂ ಮನಿ ಅಕ್ಬರಸಾಬನ ಕಡಿಂದ ಇಲ್ಲ ಅಂತ ಬರಸ್ತೇನಿ. ಮೊನ್ನೆ ಮತ್ತ ಬಂತು. ಇನ್ನೂ ಉತ್ತರ ಹಾಕಿಲ್ಲ. ಈ ವರ್ಷ ಏನಂತ ಬರಸ್ಲಿ ಬೇಟಿ?"

ಸಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೇಜಿನ ಮೇಲೆ ಟೇಪು ಇನ್ನೂ ತಿರುಗುತ್ತಿತ್ತು.

"ಅಕ್ಬರಸಾಬ ಬ್ಯಾಡ್ರಿ ಅಮ್ಮಾ. ಅವನ ಕಾಗದ ಇಲ್ಲಿ ಕೊಡ್ರಿ, ವಿಳಾಸ ಬೇಕು," ಅಂದಳು. ಪಟ್ಟಿಯ ಹಿಂಬದಿಯ ಖಾಲಿ ಹಾಳೆ ಹರಿದು ಪೆನ್ನು ತೆಗೆದಳು. "ಬಂದಾಳ, ಸೋತಾಳ, ನಿನ್ನ ಅವ್ವನ ಮನಿಯಾಗ ಕುಂತಾಳ, ಲಗೂನ ಬಾ ಅಂತ ನಾನ ಬರೀತೇನಿ."