ಯಾರ ಬಾಯಿಗೆ ಈ ಮಾತು

ಇಂಡಿ ಪಟ್ಟಣದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಭಾಷಣ ಬರೆದುಕೊಡುವುದು ನನ್ನ ಚಟ. ಸುತ್ತಲಿನ ಹಳ್ಳಿಗಳ ಚೇರ್ಮನ್ನರು, ಸೊಸಾಯಿಟಿಯವರು, ಹೆಡ್‌ಮಾಸ್ತರರು ಎಲ್ಲರೂ ಮೈಕಿನ ಮುಂದೆ ನಿಂತಾಗ ಚನ್ನಬಸಯ್ಯ ಮಾಸ್ತರನ ಮಾತನ್ನೇ ಆಡುತ್ತಾರೆ ಎಂಬ ಜಂಬ ನನಗೆ ಮೈತುಂಬ ಇತ್ತು. ಇತ್ತು ಎಂದು ಯಾಕೆ ಹೇಳುತ್ತಿದ್ದೇನೆ ಎಂಬುದೇ ಈ ಕತೆ.

ಎಪ್ಪತ್ನಾಲ್ಕರ ಚಳಿಗಾಲ. ಹೊರ್ತಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಚೀಟಿ ತಂದುಕೊಟ್ಟ. ಬರೆದವನು ರೇವಪ್ಪ. ನನ್ನ ಹಳೆಯ ವಿದ್ಯಾರ್ಥಿ, ಈಗ ಹೊರ್ತಿಯ ಆಚೆ ಒಂದು ಸಣ್ಣ ಊರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಚೀಟಿಯಲ್ಲಿ ನಮಸ್ಕಾರ ಬಿಟ್ಟರೆ ಇದ್ದದ್ದು ಇಷ್ಟೇ: ‘ಒಂದು ಭಾಷಣ ಬೇಕಾಗಿದೆ. ಚಲೋ ಆಗಿರಲಿ. ಚೇರ್ಮನ್ ಗುರುಲಿಂಗಪ್ಪನವರು ಹೇಳಿದ್ದಾರೆ.’ ಯಾವ ಸಮಾರಂಭ ಎಂದಿಲ್ಲ, ಎಷ್ಟು ಹೊತ್ತು ಎಂದಿಲ್ಲ, ಆಡುವವರು ಯಾರು, ಕೇಳುವವರು ಯಾರು ಎಂದೂ ಇಲ್ಲ. ಮೂರು ವರ್ಷ ಇವನಿಗೆ ಪತ್ರಲೇಖನ ಕಲಿಸಿದವನು ನಾನೇ ಎಂದು ಹಣೆ ಚಚ್ಚಿಕೊಂಡೆ.

ಕೇಳದೆ ಬರೆಯಬಾರದು ಎಂಬುದನ್ನು ನಾನು ಪೆಟ್ಟು ತಿಂದೇ ಕಲಿತಿದ್ದೆ. ಹಿಂದೊಮ್ಮೆ ಒಬ್ಬ ಸೊಸಾಯಿಟಿ ಚೇರ್ಮನ್ನರಿಗೆ ಇಪ್ಪತ್ತು ಮಿನಿಟಿನ ಭಾಷಣ ಬರೆದು ಕಳಿಸಿದ್ದೆ. ಅವರು ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದುವವರು ಎಂಬುದು ನನಗೆ ಗೊತ್ತಿರಲಿಲ್ಲ. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಜನ ಎದ್ದು ಊಟಕ್ಕೆ ಹೋಗಿದ್ದರಂತೆ. ಅಂದಿನಿಂದ ನಾಲ್ಕು ಪ್ರಶ್ನೆ ಇಟ್ಟುಕೊಂಡೆ. ಯಾರು ಆಡುತ್ತಾರೆ? ಯಾರ ಮುಂದೆ? ಯಾತಕ್ಕೆ? ಎಷ್ಟು ಹೊತ್ತು? ಹೆಚ್ಚಿನವರು ಸಮಾರಂಭ ಯಾವುದೆಂದು ಮೊದಲು ಕೇಳುತ್ತಾರೆ. ನಾನು ಆಡುವವರು ಯಾರೆಂದು ಮೊದಲು ಕೇಳುತ್ತೇನೆ. ಒಂದೇ ಮಂಟಪದಲ್ಲಿ ಸಾಹೇಬರು ಆಡಿದರೆ ದೊಡ್ಡತನ ಅನ್ನಿಸುವ ಮಾತು, ಅವರ ಜವಾನ ಆಡಿದರೆ ಸೊಕ್ಕು ಅನ್ನಿಸುತ್ತದೆ. ಬಾಯಿ ಗೊತ್ತಿಲ್ಲದೆ ಮಾತು ಬರೆಯಲಾಗದು. ನಾಲ್ಕಕ್ಕಿಂತ ಹೆಚ್ಚು ಕೇಳುವುದೂ ಇಲ್ಲ. ಹತ್ತು ಪ್ರಶ್ನೆ ಕೇಳಿದರೆ ಹಳ್ಳಿಯವರು ಒಂದಕ್ಕೂ ಉತ್ತರ ಕೊಡುವುದಿಲ್ಲ.

ಅದೇ ಚೀಟಿಯ ಬೆನ್ನಿಗೆ ನಾಲ್ಕನ್ನೂ ಬರೆದು ಕಂಡಕ್ಟರನ ಕೈಗಿಟ್ಟೆ. ಸಂಜೆಯ ಬಸ್ಸಿಗೆ ಉತ್ತರ ಬಂತು. ‘ಐದು ಮಿನಿಟು. ಐಕ್ಯತೆಯ ಬಗ್ಗೆ. ದ್ವೇಷ ಮರೆತು ಕೂಡಿ ಬಾಳುವುದು ಅಂತ ಬರಲಿ. ನಾಳೆ ಮುಂಜಾನೆ ಬಸ್ಸಿಗೆ ಬೇಕು.’ ಕೊನೆಯ ಎರಡಕ್ಕೆ ಉತ್ತರವಿತ್ತು. ಮೊದಲ ಎರಡರ ಮುಂದೆ ಏನೂ ಇರಲಿಲ್ಲ.

ನನ್ನ ಹೆಂಡತಿ ಸುಮಿತ್ರಾಬಾಯಿ ಜೋಳ ಹಸನು ಮಾಡುತ್ತ ಕೂತಿದ್ದವಳು ನಾನು ಚೀಟಿ ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

“ಯಾರು ಅಂತ ಕೇಳಿದ್ರ ಹೇಳವಲ್ರು ಅಂದ್ರ, ಹೇಳಾಕ ಬರಲಾರದ್ದೇನೋ ಐತಿ. ಬರೀಬ್ಯಾಡ್ರಿ.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅವಳಿಗೆ ಗಾದೆ ಹೇಳಿದೆ. ಒಳಗಿನ ಕಾರಣ ಬೇರೆ. ಗುರುಲಿಂಗಪ್ಪ ಆ ಊರ ಪಂಚಾಯಿತಿಯ ಚೇರ್ಮನ್ ಅಷ್ಟೇ ಅಲ್ಲ, ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಅವರಿಗೆ ಎರಡನೆಯ ಸಲ ಪ್ರಶ್ನೆ ಕಳಿಸುವ ಧೈರ್ಯ ನನಗಿರಲಿಲ್ಲ. ಹೇಡಿತನಕ್ಕೆ ಗಾದೆಯ ಅಂಗಿ ತೊಡಿಸಿದೆ, ಅಷ್ಟೇ.

ಆಡುವವರು ಗೊತ್ತಿಲ್ಲದಾಗ ಮಾಡುವ ಉಪಾಯ ನನ್ನಲ್ಲಿತ್ತು. ಯಾರ ಬಾಯಿಗಾದರೂ ಹೊಂದುವ ಹಾಗೆ ಬರೆಯುವುದು. ಹೆಸರಿಲ್ಲ, ಊರಿಲ್ಲ, ಬರಿಯ ‘ನಾನು.’ ‘ನಡೆದದ್ದನ್ನು ನಾನು ಮನಸ್ಸಿನಿಂದ ಅಳಿಸಿದ್ದೇನೆ. ಯಾರ ಮೇಲೂ ನನಗೆ ದ್ವೇಷವಿಲ್ಲ. ನಾವೆಲ್ಲರೂ ಒಂದೇ ಬಳ್ಳಿಯ ಹೂಗಳು.’ ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡೆ. ನಿಜ ಹೇಳುತ್ತೇನೆ, ಚಲೋ ಬಂದಿತ್ತು.

ಅದು ಗುರುವಾರ ರಾತ್ರಿ; ಮರುದಿನ ಮುಂಜಾನೆಯ ಬಸ್ಸಿಗೆ ಕಳಿಸಿದೆ. ರವಿವಾರ ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಮನೆಯ ಕಟ್ಟೆಯ ಕೆಳಗೆ ಬಂದು ನಿಂತಳು. ಐವತ್ತರ ಸುಮಾರು, ಮಾಸಿದ ಇಳಕಲ್ ಸೀರೆ. ಹೆಸರು ಹುಲಿಗೆವ್ವ, ರೇವಪ್ಪನ ಊರಿನವಳು. ಮಗನನ್ನು ಇಲ್ಲಿಯ ದವಾಖಾನೆಗೆ ತಂದಿದ್ದೇನೆ, ನಾಳೆಯವರೆಗೂ ಇಲ್ಲೇ ಇರುತ್ತೇನೆ ಎಂದಳು. ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ರೇವಪ್ಪ ಮಾಸ್ತರ ಯಾರಿಗೂ ಕಾಣದ ಹಾಗೆ ಕೊಟ್ಟು, ಬರೆದವರಿಂದಲೇ ಓದಿಸು ಎಂದನಂತೆ.

ಬಿಚ್ಚಿ ನೋಡಿದರೆ ನನ್ನದೇ ಅಕ್ಷರ.

“ಇದರಾಗ ನಾ ಏನು ಹೇಳೇನಿ ಓದಿ ಹೇಳ್ರಿ ಮಾಸ್ತರ್ರ” ಎಂದಳು.

ನೀನು ಹೇಳಿದ್ದಲ್ಲ, ಇದು ನಾನು ಬರೆದದ್ದು ಎಂದೆ. ಹಾಗಲ್ಲ ಎಂದು ಆಕೆ ಬಿಡಿಸಿ ಹೇಳಿದಳು. ತಿಂಗಳ ಹಿಂದೆ ಆಕೆಯ ಮಗ ಭೀಮಶ್ಯಾ ಊರ ಬಾವಿಗೆ ಕೊಡ ಇಳಿಸಿದ್ದ. ನಾಲ್ಕು ಜನ ಅವನನ್ನು ಹೊಡೆದು ಬಲಗೈ ಮುರಿದರು. ಅವರಲ್ಲಿ ಒಬ್ಬ ಗುರುಲಿಂಗಪ್ಪನ ತಮ್ಮನ ಮಗ. ಆಕೆ ಇಂಡಿಗೆ ನಡೆದು ಬಂದು ಫಿರ್ಯಾದಿ ಕೊಟ್ಟಳು, ಕೇಸಾಯಿತು. ಮೊನ್ನೆ ಶುಕ್ರವಾರ ಚಾವಡಿಯಲ್ಲಿ ಸಭೆ ಕೂಡಿಸಿ, ನಿನ್ನ ಪರವಾಗಿ ನಾಲ್ಕು ಮಾತು ಓದುತ್ತೇವೆ ಎಂದು ಈಕೆಯನ್ನು ನಿಲ್ಲಿಸಿದರು. ರೇವಪ್ಪ ಗಡಿಬಿಡಿಯಲ್ಲಿ ಓದಿದ, ಚಾವಡಿಯ ಕೆಳಗೆ ದೂರ ನಿಂತ ಈಕೆಗೆ ಸರಿಯಾಗಿ ಕೇಳಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅದನ್ನೇ ನಕಲು ಮಾಡಿದ ಕಾಗದದ ಕೆಳಗೆ ಈಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಭೆಗೆ ಬಂದವರೆಲ್ಲ ಒತ್ತಬೇಕು ಎಂದರಂತೆ. ಒತ್ತಿದವಳು ಈಕೆಯೊಬ್ಬಳೇ. ಸೋಮವಾರ ಹತ್ತು ಗಂಟೆಗೆ ಅದನ್ನು ತಹಶೀಲ್ದಾರರ ಮುಂದಿಟ್ಟು, ರಾಜಿಯಾಗಿದೆ ಎಂದು ಬರೆಸಿ ಕೋರ್ಟಿಗೆ ಕಳಿಸುವವರಿದ್ದರು. ಈಕೆಗೂ ಬಾ ಎಂದು ಹೇಳಿದ್ದರು.

ನನ್ನ ಮೊದಲ ಪ್ರಶ್ನೆಗೆ ಮೂರು ದಿನ ತಡವಾಗಿ ಉತ್ತರ ಸಿಕ್ಕಿತು. ಎರಡನೆಯದಕ್ಕೂ ಸಿಕ್ಕಿತು. ಯಾರ ಬಾಯಿಗಾದರೂ ಹೊಂದಲಿ ಎಂದು ನಾನು ಹೊಲಿದ ಅಂಗಿಯನ್ನು ಅವರು ಈ ಹೆಂಗಸಿಗೆ ತೊಡಿಸಿ ಗುಂಡಿ ಹಾಕಿದ್ದರು. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎನ್ನುತ್ತಾರೆ. ಖಾರ ಅರೆದುಕೊಟ್ಟವನು ನಾನು.

ಓದಿದೆ. ಓದದೆ ದಾರಿ ಇರಲಿಲ್ಲ. ‘ನಡೆದದ್ದನ್ನು ನಾನು ಮನಸ್ಸಿನಿಂದ ಅಳಿಸಿದ್ದೇನೆ’ ಎಂಬಲ್ಲಿಗೆ ಬಂದಾಗ ಆಕೆ ಕೈ ಎತ್ತಿ ನಿಲ್ಲಿಸಿದಳು. ಇನ್ನೊಮ್ಮೆ ಓದಲು ಹೇಳಿದಳು. ಇನ್ನೊಮ್ಮೆ ಓದಿದೆ. ಬಳ್ಳಿಯ ಹೂವಿನ ಮಾತನ್ನು ತಲೆ ಎತ್ತದೆ ಓದಿ ಮುಗಿಸಿದೆ. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಸುಮಿತ್ರಾಬಾಯಿ ನೀರು ತಂದಳು. ಹುಲಿಗೆವ್ವ ಬೊಗಸೆ ಒಡ್ಡಿದಳು, ಇವಳು ಮೇಲಿನಿಂದ ಚೊಂಬು ಬಾಗಿಸಿ ಹೊಯ್ದಳು. ದಿನವೂ ನಮ್ಮ ಮನೆಯಲ್ಲಿ ನಡೆಯುವುದು ಹಾಗೆಯೇ. ಅಂದು ಮಾತ್ರ ಅದು ನನ್ನ ಕಣ್ಣಿಗೆ ಬಿತ್ತು. ಮೇಲೆ ಬಂದು ಕೂಡು ಯವ್ವಾ ಎಂದೆ. ಆಕೆ ಕೂಡಲಿಲ್ಲ. ಸುಮಿತ್ರಾಬಾಯಿ ಚೊಂಬು ಹಿಡಿದುಕೊಂಡು ನೆಲ ನೋಡುತ್ತ ನಿಂತಳು.

ಒಂದು ಅರ್ಜಿ ಬರೆದುಕೊಡುತ್ತೇನೆ, ನಾಳೆ ತಹಶೀಲ್ದಾರರಿಗೆ ಕೊಡು ಎಂದೆ. ಹಾಳೆ, ಪೆನ್ನು ತಂದು ಕೂತೆ. ಅಭ್ಯಾಸಬಲ ನೋಡಿ, ಕೂತ ಕೂಡಲೇ ತಲೆಯಲ್ಲಿ ಮಾತು ಜೋಡಿಸತೊಡಗಿದ್ದೆ: ‘ಅಜ್ಞಾನಿಯೂ ಅಬಲೆಯೂ ಆದ ನಾನು.’ ಥೂ ಎಂದು ನನಗೆ ನಾನೇ ಬೈದುಕೊಂಡು ಪೆನ್ನು ಕೆಳಗಿಟ್ಟೆ. ಆಕೆ ಅಬಲೆ ಎಂದು ನನಗೆ ಹೇಳಿದವರು ಯಾರು? ಏನು ಹೇಳಬೇಕಂತೀ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಎಷ್ಟೋ ಭಾಷಣ ಬರೆದಿದ್ದೇನೆ. ಈ ಮಾತನ್ನು ಒಬ್ಬರಿಗೂ ಕೇಳಿರಲಿಲ್ಲ. ನನ್ನ ನಾಲ್ಕು ಪ್ರಶ್ನೆಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆಕೆ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

“ನನ್ನ ಮಗನ ಕೈ ಮುರದಾರ್ರಿ. ನಾ ಮಾಫಿ ಮಾಡಿಲ್ರಿ. ಅಷ್ಟ.”

ಅಷ್ಟನ್ನೇ ಬರೆದೆ. ಶುಕ್ರವಾರದ ಕಾಗದ ಈಕೆಗೆ ಓದಿ ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಎಂದು ಒಂದು ಸಾಲು ಸೇರಿಸಿ ಓದಿ ಹೇಳಿದೆ. ಹೌದು ಎಂದಳು. ಶಾಯಿಯ ಪ್ಯಾಡು ತಂದು ಮುಂದಿಟ್ಟೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಹೆಬ್ಬೆಟ್ಟು ಒಮ್ಮೆ ಒತ್ತೇನ್ರಿ, ಸಾಕು. ಆ ಮಾತು ನೀವ ಬರದೀರಿ. ನಾಳಿ ನೀವ ಬಂದು ಹೇಳ್ರಿ, ಅದು ಆಕಿದಲ್ಲ ಅಂತ.”

ಗುರುಲಿಂಗಪ್ಪ ಅಲ್ಲಿರುತ್ತಾರೆ. ನನ್ನ ನೌಕರಿ ಅವರ ಒಂದು ಮಾತಿನ ಮೇಲಿದೆ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇದನ್ನೆಲ್ಲ ಆಕೆಗೆ ಹೇಳಿದೆ. ಹೇಳುತ್ತಿದ್ದಂತೆ, ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಆಕೆ ಅರ್ಜಿಯನ್ನು ಅಲ್ಲೇ ಬಿಟ್ಟು, ನನ್ನ ಭಾಷಣವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಗಂಟಿಗೆ ಸೇರಿಸಿಕೊಂಡು ದವಾಖಾನೆಯ ಕಡೆ ಹೋದಳು.

ಸೋಮವಾರ ಬೆಳಿಗ್ಗೆ ಶಾಲೆಗೆ ರಜೆಯ ಚೀಟಿ ಕಳಿಸಿದೆ. ಸುಮಿತ್ರಾಬಾಯಿ ಇಸ್ತ್ರಿ ಮಾಡಿದ ಅಂಗಿ ತಂದಿಟ್ಟಳು. ಕಚೇರಿಯ ದಾರಿಯಲ್ಲಿ ಎರಡು ಸಲ ತಿರುಗಿ ಹೋಗಿಬಿಡೋಣ ಎನ್ನಿಸಿತು.

ಒಳಗೆ ತಹಶೀಲ್ದಾರರ ಎದುರಿನ ಕುರ್ಚಿಯಲ್ಲಿ ಗುರುಲಿಂಗಪ್ಪ ಕೂತಿದ್ದರು. ಪಕ್ಕದಲ್ಲಿ ರೇವಪ್ಪ ಕೈ ಕಟ್ಟಿ ನಿಂತಿದ್ದ, ನನ್ನನ್ನು ಕಂಡು ಮುಖ ಕೆಳಗೆ ಹಾಕಿದ. ಹುಲಿಗೆವ್ವ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಗುಮಾಸ್ತ ನಕಲು ಪ್ರತಿಯನ್ನು ಓದುತ್ತಿದ್ದ. ‘ಯಾರ ಮೇಲೂ ನನಗೆ ದ್ವೇಷವಿಲ್ಲ’ ಎಂಬಲ್ಲಿ ತಹಶೀಲ್ದಾರರು ಮೆಚ್ಚಿ ತಲೆಯಾಡಿಸಿದರು. ನಾನು ಬಾಗಿಲಲ್ಲಿಯೇ ನಿಂತು, ಸಾಹೇಬರೇ, ಆ ಮಾತು ಈಕೆಯದಲ್ಲ, ನನ್ನದು, ಗುರುವಾರ ನಾನು ಬರೆದದ್ದು, ಆಗ ಈಕೆ ಯಾರೆಂದೇ ನನಗೆ ಗೊತ್ತಿರಲಿಲ್ಲ ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

ಗುಮಾಸ್ತ ಓದುವುದನ್ನು ನಿಲ್ಲಿಸಿದ. ಗುರುಲಿಂಗಪ್ಪ ಸಾವಕಾಶ ಹೊರಳಿ ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ, ನಕ್ಕರು.

“ಮಾಸ್ತರ್ರ, ನಿಮ್ಮನ್ನ ಇಲ್ಲಿಗೆ ಯಾರು ಕರದ್ರು?”

ಉತ್ತರ ನನ್ನ ಬೆನ್ನ ಹಿಂದಿನಿಂದ ಬಂತು. ಹುಲಿಗೆವ್ವ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು.

“ನಾ ಕರದೇನ್ರಿ” ಎಂದಳು.