ಏಳು ಮನೆಯ ವೀಳ್ಯ, ಒಂದು ಪಾದೆ

ಬಿ.ಸಿ.ರೋಡಿನಲ್ಲಿ ಬಸ್ಸುಗಳಿಗೆ ವಿಮೆ ಮಾಡಿಸುತ್ತಲೇ ತಲೆ ನೆರೆಸಿಕೊಂಡ ಏಜೆಂಟ್ ನಾನು. ಸಿನಿಮಾದವರ ಸಹವಾಸ ಇರಲಿಲ್ಲ. 1964ರ ಜನವರಿಯಲ್ಲಿ ಲೋಕನಾಥ ಮಾಷ್ಟ್ರು ಬಂದರು. ನೇತ್ರಾವತಿಯ ಕುರಿತು ಇಪ್ಪತ್ತು ನಿಮಿಷದ ಚಿತ್ರ ತೆಗೆಯುತ್ತಿದ್ದರು. ಕ್ಯಾಮೆರಾ ಮದ್ರಾಸಿನಿಂದ ಬಾಡಿಗೆಗೆ ಬಂದದ್ದು. ವಿಮೆ ಇಲ್ಲದೆ ಕೊಡುವುದಿಲ್ಲ ಎಂದು ಅದರ ಧಣಿ ಹೇಳಿದ್ದರಂತೆ. ಕ್ಯಾಮೆರಾಕ್ಕೂ, ನೋಡಲು ಬಂದವರ ಮೇಲೆ ಅದರ ಸ್ಟ್ಯಾಂಡ್ ಬಿದ್ದರೆ ಆ ಪೆಟ್ಟಿಗೂ ಪಾಲಿಸಿ ಮಾಡಿಸಿಕೊಟ್ಟೆ. ಪೇಟೆಯಲ್ಲಿ ಚಿತ್ರ ತೆಗೆಯಲು ಪೊಲೀಸರ ಅನುಮತಿಯನ್ನೂ ಅವರು ಪಡೆದಿದ್ದರು.

ಆದರೆ ಚಿತ್ರಕ್ಕೆ ಕೊನೆಯ ದೃಶ್ಯ ಸಿಕ್ಕಿರಲಿಲ್ಲ. ನದಿಯನ್ನು ಮೇಲಿನಿಂದ ತೋರಿಸಬೇಕು ಎಂಬುದು ಅವರ ಹಟ. ಒಂದು ಗುರುವಾರ ಅವರು ಏಳು ಕಾಗದ ತಂದು ನನ್ನ ಮೇಜಿನ ಮೇಲೆ ಹರವಿದರು.

"ಚಿನ್ನಯ್ಯಣ್ಣ, ಭಾನುವಾರ ಗೆಳೆಯನೊಬ್ಬ ಬಜಪೆಯಿಂದ ವಿಮಾನ ಹಾರಿಸ್ತಾನೆ. ಅದು ಹಾರುವ ದಾರಿಯ ಕೆಳಗಿನ ಏಳು ಗುತ್ತಿನ ಯಜಮಾನರ ಮನೆಗೂ ವೀಳ್ಯ ಹಿಡ್ಕೊಂಡು ಹೋಗಿ ಅಪ್ಪಣೆ ಬರೆಸಿ ತಂದಿದ್ದೇನೆ."

ನಗು ಬಂತು, ಹಿಂದೆಯೇ ಸಿಟ್ಟೂ ಬಂತು.

"ಮಾಷ್ಟ್ರೆ, ಊರಿಗೆ ಯಜಮಾನರು ಏಳು ಮಂದಿ. ಆಕಾಶಕ್ಕೆ ದೆಹಲಿ. ಹಾರುವ ವಿಮಾನದಲ್ಲಿ ಫೋಟೋ ತೆಗೀಲಿಕ್ಕೆ ವಿಮಾನಯಾನದ ಡೈರೆಕ್ಟರ್ ಜನರಲರ ಲಿಖಿತ ಅನುಮತಿ ಬೇಕು. ಅದು ಉಂಟಾ?"

"ಇಲ್ಲ. ಬರೀತೇನೆ."

"ಉತ್ತರ ಬರುವಾಗ ಮಳೆಗಾಲ! ಪಾಲಿಸಿಯಲ್ಲೂ ವಿಮಾನದೊಳಗಿನ ನಷ್ಟ ಇಲ್ಲ. ಕ್ಯಾಮೆರಾ ಹಾಳಾದರೆ ನಿಮ್ಮ ನೌಕರಿಯ ಸಂಬಳ ಎಷ್ಟು ವರ್ಷ ಕಟ್ಟುವುದು?"

ಅವರ ಮುಖ ಬಾಡಿತು. ಕ್ಯಾಮೆರಾ ಸೋಮವಾರ ಹಿಂತಿರುಗಬೇಕಿತ್ತು. ನನಗೆ ಪಾಪ ಅನ್ನಿಸಿತು. ಕಾಗದಗಳನ್ನು ಒಂದೊಂದಾಗಿ ನೋಡಿದೆ. ಅವುಗಳಲ್ಲೊಂದು ಪದ್ಮಯ್ಯ ಹೆಗ್ಡೆಯವರದು. ಹೊಳೆಯಂಚಿನ ದೊಡ್ಡ ಪಾದೆಕಲ್ಲು, ಹತ್ತಿ ನಿಂತರೆ ಇಡೀ ಹೊಳೆ ಕೆಳಗೆ ಕಾಣುವ ಆ ಬಂಡೆ, ಅವರದೇ ಜಾಗದಲ್ಲಿರುವುದು ನೆನಪಾಯಿತು. ಪಾದೆ ಎಷ್ಟು ಎತ್ತರವಾದರೂ ನೆಲವೇ. ಕಾನೂನಿಗೂ ನೆಲ, ಪಾಲಿಸಿಗೂ ನೆಲ.

ಮಾಷ್ಟ್ರನ್ನು ಕರೆದುಕೊಂಡು ಅಂದೇ ಹೆಗ್ಡೆಯವರ ಮನೆಗೆ ಹೋದೆ. ಅವರು ಕಣ್ಣು ಕೆಂಪಗೆ ಮಾಡಿದರು.

"ವೀಳ್ಯ ತಿಂದು ಮಾತು ಕೊಟ್ಟಾಯ್ತಲ್ಲ, ಪುನಃ ಎಂಥ ಕಾಗದ?"

"ಅದು ವಿಮಾನಕ್ಕೆ ಕೊಟ್ಟದ್ದು. ಇದು ಪಾದೆಗೆ. ವಿಮೆ ಕಂಪೆನಿಗೆ ಜಾಗದ ಹೆಸರು ಬರೆದು ಕೊಡ್ಬೇಕು," ಎಂದೆ.

ಮತ್ತೆ ವೀಳ್ಯ ಇಟ್ಟ ಮೇಲೆಯೇ ಸಹಿ ಹಾಕಿದರು. ನಾನು ಮಂಗಳೂರಿನ ಆಫೀಸಿಗೆ ಹೋಗಿ ಪಾಲಿಸಿಯಲ್ಲಿ ಪಾದೆಯ ಹೆಸರು ಸೇರಿಸಿ ತಂದೆ. ಭಾನುವಾರ ಕ್ಯಾಮೆರಾವನ್ನು ನಾಲ್ವರು ಹೊತ್ತು ಹತ್ತಿಸಿದರು. ಗಾಳಿ ಜೋರಾಗಿತ್ತು. ಸ್ಟ್ಯಾಂಡಿನ ಕಾಲುಗಳಿಗೆ ಕಲ್ಲು ಕಟ್ಟಿದೆವು. ಹೊಳೆ ತಿರುಗಿ ಹರಿಯುವುದು ಕೆಳಗೆ ಪೂರ್ತಿ ಕಂಡಿತು; ಮಾಷ್ಟ್ರು ಅದನ್ನೇ ಚಿತ್ರಕ್ಕೆ ಹಿಡಿದರು.

ಮಾರ್ಚಿನಲ್ಲಿ ಬಂಟ್ವಾಳದ ಶಾಲೆಯ ಹಾಲಿನಲ್ಲಿ ಚಿತ್ರ ತೋರಿಸಿದರು. ಕೊನೆಯಲ್ಲಿ ನದಿ ಹರಡಿಕೊಂಡಾಗ ಯಾರೋ, "ಯಾವ ವಿಮಾನ ಮಾರಾಯ್ರೆ?" ಎಂದು ಕೇಳಿದರು.

ಮಾಷ್ಟ್ರು ಬಾಯಿ ತೆರೆಯುವುದರೊಳಗೆ ಮುಂದಿನ ಸಾಲಿನಲ್ಲಿದ್ದ ಪದ್ಮಯ್ಯ ಹೆಗ್ಡೆ ಶಾಲು ಸರಿಪಡಿಸಿಕೊಂಡು ಎದ್ದರು.

"ವಿಮಾನ ಅಲ್ಲ, ನನ್ನ ಪಾದೆ. ಎರಡು ಸಲ ವೀಳ್ಯ ಕೊಟ್ಟಿದ್ದಾರೆ."